ಕೋಠಿಯ ಬೀಟ್ ಪಟ್ಟಿ ಬರೆಯುವುದು ಹೇಗೆ: ಪುಣೆಯ ರಸ್ತೆ ಗುಡಿಸುವ ಪಾಳಿ ಮತ್ತು ಅಂಚಿನ ಧೂಳು

ಪುಣೆಯಲ್ಲಿ ರಸ್ತೆ ಗುಡಿಸುವವರ ಹಾಜರಿ ಬೀಳುವುದು ಆರೋಗ್ಯ ಕೋಠಿಯಲ್ಲಿ. ಪೊರಕೆ, ಗಾಡಿ, ಬುಟ್ಟಿ ಇರುವುದೂ ಅಲ್ಲೇ. ಯಾರು ಯಾವ ರಸ್ತೆಗೆ ಹೋಗಬೇಕೆಂದು ಮುಕಾದಮ್, ಅಂದರೆ ಗುಡಿಸುವವರ ಮೇಸ್ತ್ರಿ, ಹಂಚುವುದೂ ಅಲ್ಲೇ. ಹೀಗೆ ಒಬ್ಬೊಬ್ಬರ ಪಾಲಿಗೆ ಬರುವ ರಸ್ತೆಯ ತುಂಡೇ ಬೀಟು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಈ ಕೆಲಸ ಮಾಡುವವರೂ, ಗುತ್ತಿಗೆದಾರರ ಕೈಕೆಳಗೆ ಮೇಲ್ವಿಚಾರಣೆ ಮಾಡುವವರೂ ಇದ್ದಾರೆ. ಹೊಸದಾಗಿ ಒಂದು ಕೋಠಿಯ ಪಟ್ಟಿ ಕೈಗೆ ಬಂದವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದ ಪುರಸಭೆಗಳಲ್ಲಿ ಪೌರಕಾರ್ಮಿಕರ ಪಾಳಿ ನೋಡಿಕೊಳ್ಳುವವರಿಗೂ ಲೆಕ್ಕ ಇದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕಸ ಗುಡಿಸುವುದು ಒಂದು ಕೆಲಸ, ಧೂಳು ಎತ್ತುವುದು ಇನ್ನೊಂದು ಕೆಲಸ. ಒಂದೇ ಪೊರಕೆಯಲ್ಲಿ, ಒಂದೇ ಓಟದಲ್ಲಿ ಎರಡನ್ನೂ ಮುಗಿಸಲು ಹೋದರೆ ಕಾಗದ, ಎಲೆ, ಪ್ಲಾಸ್ಟಿಕ್ ಮಾತ್ರ ಹೋಗುತ್ತವೆ. ನಯವಾದ ಧೂಳು ಒಂದು ಕ್ಷಣ ಮೇಲೆದ್ದು ಮತ್ತೆ ಅಲ್ಲೇ ಕೂರುತ್ತದೆ. ಎರಡು ಕೆಲಸಕ್ಕೂ ಪಾಳಿಯಲ್ಲಿ ಬೇರೆ ಬೇರೆ ಹೊತ್ತನ್ನು ಬರೆದಿಡಬೇಕು.

ಮೊದಲು ಅಂಚುಗಳನ್ನು ಎಣಿಸಿ

ವಾಹನಗಳ ಗಾಳಿ ಧೂಳನ್ನು ರಸ್ತೆಯ ನಡುವಿನಿಂದ ಬದಿಗೆ ತಳ್ಳುತ್ತದೆ, ಫುಟ್‌ಪಾತಿನ ಅಂಚುಕಲ್ಲು ಅದನ್ನು ತಡೆದು ನಿಲ್ಲಿಸುತ್ತದೆ. ಹಾಗಾಗಿ ರಸ್ತೆಯ ಮೇಲಿನ ಧೂಳಿನ ಬಹುಪಾಲು ಅಂಚುಕಲ್ಲಿನಿಂದ ಒಂದೂವರೆ ಅಡಿಯೊಳಗೇ ಇರುತ್ತದೆ. ಗುಡಿಸುವವರ ನಿಜವಾದ ಕೆಲಸದ ಉದ್ದವೆಂದರೆ ಈ ಅಂಚಿನ ಉದ್ದ. ನಡುವೆ ಡಿವೈಡರ್ ಇಲ್ಲದ ರಸ್ತೆಗೆ ಎರಡು ಅಂಚು, ಡಿವೈಡರ್ ಇದ್ದರೆ ನಾಲ್ಕು.

ಕೇಂದ್ರ ಸರ್ಕಾರದ ಘನತ್ಯಾಜ್ಯ ಕೈಪಿಡಿ ಒಬ್ಬರಿಗೆ ಇಷ್ಟು ರಸ್ತೆ ಎಂದು ಅಳತೆ ಕೊಟ್ಟಿದೆ. ದಟ್ಟ ಜನವಸತಿಯಲ್ಲಿ 250ರಿಂದ 350 ಮೀಟರ್, ಮಧ್ಯಮ ವಸತಿಯಲ್ಲಿ 400ರಿಂದ 600, ವಿರಳ ವಸತಿಯಲ್ಲಿ 650ರಿಂದ 750. ಇದು ರಸ್ತೆಯ ಉದ್ದದ ಅಳತೆ, ಅಂಚಿನದಲ್ಲ. ಆರಂಭಕ್ಕೆ ಒಳ್ಳೆಯದು. ಆದರೆ ಇದನ್ನೇ ಕಣ್ಣುಮುಚ್ಚಿ ಹಾಕಿದರೆ ಡಿವೈಡರ್ ಇರುವ ಪೇಟೆ ಬೀದಿಯವರಿಗೆ ಎರಡು ಪಟ್ಟು ಕೆಲಸ ಬೀಳುತ್ತದೆ, ಅವರು ಡಿವೈಡರನ್ನು ಬಿಟ್ಟೇ ಬಿಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ಪಟ್ಟಿಯದೇ ತಪ್ಪು.

ಅದಕ್ಕೆ ಪಟ್ಟಿ ಬರೆಯುವ ಮುನ್ನ ಒಂದು ಬೆಳಿಗ್ಗೆ ಗಡಿಯಾರ ಹಿಡಿದು ಬೀಟಿಗೆ ಹೋಗಿ. ಕೆಲಸದಲ್ಲಿ ನುರಿತ ಒಬ್ಬರು, ಯಾರೂ ಅವಸರ ಮಾಡದೆ ಇರುವಾಗ, 100 ಮೀಟರ್ ಅಂಚನ್ನು ಗುಡಿಸಿ ಗುಡ್ಡೆ ಮಾಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂದು ನೋಡಿ. ಮನೆಗಳಿರುವ ಗಲ್ಲಿಯಲ್ಲಿ ಸುಮಾರು 15 ನಿಮಿಷ, ಅಂಗಡಿ ಸಾಲಿನಲ್ಲಿ 20 ನಿಮಿಷ, ಬಂಗಲೆಗಳ ಶಾಂತ ರಸ್ತೆಯಲ್ಲಿ 12 ನಿಮಿಷ ಎಂದಿಟ್ಟುಕೊಂಡು ಮುಂದಿನ ಲೆಕ್ಕ ಮಾಡಿದ್ದೇನೆ. ನಿಮ್ಮ ರಸ್ತೆಯಲ್ಲಿ ಬಂದ ಅಂಕಿಯನ್ನೇ ನೀವು ಬಳಸಿ.

ಒಂದು ಕೋಠಿಯ ಲೆಕ್ಕ

ಮಧ್ಯ ಪುಣೆಯ ಪೇಠೆಗಳ ಅಂಚಿನಲ್ಲಿ ಒಂದು ಕೋಠಿ ಇದೆ ಎಂದುಕೊಳ್ಳಿ. ಅದರ ಪಾಲಿಗೆ ಮೂರು ಬಗೆಯ ರಸ್ತೆಗಳು: ಡಿವೈಡರ್ ಇರುವ 900 ಮೀಟರ್ ಅಂಗಡಿ ರಸ್ತೆ, 4,500 ಮೀಟರ್ ವಾಡೆ ಮತ್ತು ಚಾಳುಗಳ ಗಲ್ಲಿಗಳು, 2,800 ಮೀಟರ್ ಮರಗಳಿರುವ ಶಾಂತ ರಸ್ತೆಗಳು.

ಗಲ್ಲಿಗಳದು ಸುಲಭ. ಒಬ್ಬರಿಗೆ 500 ಮೀಟರಿನಂತೆ ಒಂಬತ್ತು ಜನ. ಒಬ್ಬರ ಪಾಲಿಗೆ 1,000 ಮೀಟರ್ ಅಂಚು, 150 ನಿಮಿಷ. ಬೆಳಿಗ್ಗೆ ಆರೂವರೆಗೆ ಪೊರಕೆ ಹಿಡಿದರೆ ಒಂಬತ್ತಕ್ಕೆ ಮುಗಿಯುತ್ತದೆ. ಶಾಂತ ರಸ್ತೆಗಳಿಗೆ 700 ಮೀಟರಿನಂತೆ ನಾಲ್ಕು ಜನ, ಒಬ್ಬೊಬ್ಬರಿಗೆ ಮೂರು ಗಂಟೆಗಿಂತ ತುಸು ಕಡಿಮೆ.

ತೊಡಕು ಇರುವುದು ಅಂಗಡಿ ರಸ್ತೆಯಲ್ಲಿ. ಕೈಪಿಡಿಯಂತೆ 300 ಮೀಟರಿಗೆ ಒಬ್ಬರೆಂದರೆ ಮೂರು ಜನ ಸಾಕು. ಅಂಚು ಎಣಿಸಿದರೆ 3,600 ಮೀಟರ್ ಆಗುತ್ತದೆ, 20 ನಿಮಿಷದ ಲೆಕ್ಕದಲ್ಲಿ ಹನ್ನೆರಡು ಗಂಟೆ, ತಲಾ ನಾಲ್ಕು ಗಂಟೆ. ಹತ್ತೂವರೆಯ ಹೊತ್ತಿಗೆ ಶಟರ್‌ಗಳು ತೆರೆದು, ಬೈಕುಗಳು ಅಂಚಿಗೆ ಬಂದು ನಿಂತಿರುತ್ತವೆ. ಆ ಟ್ರಾಫಿಕ್ಕಿನಲ್ಲಿ ಡಿವೈಡರ್ ಪಕ್ಕ ಬಗ್ಗಿ ನಿಲ್ಲುವವರ ಜೀವಕ್ಕೂ ಅಪಾಯ. ಹಾಗಾಗಿ ಡಿವೈಡರಿನ ಎರಡೂ ಬದಿಯನ್ನು ರಾತ್ರಿಯ ಗುಡಿಸುವ ಯಂತ್ರಕ್ಕೆ ಬಿಡಬೇಕು. ಡಿವೈಡರಿಗೆ ತಾಗಿ ಯಾರೂ ಗಾಡಿ ನಿಲ್ಲಿಸುವುದಿಲ್ಲ, ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಅಂಚು ಸಿಗದು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಹೋದರೂ 1,800 ಮೀಟರಿಗೆ ಅರ್ಧ ಗಂಟೆ ಬೇಡ. ಆಗ ಮೂವರಿಗೆ ಉಳಿಯುವುದು ಅಂಗಡಿ ಬದಿಯ 1,800 ಮೀಟರ್ ಮಾತ್ರ, ತಲಾ ಎರಡು ಗಂಟೆ. ಎಂಟೂವರೆಗೆ ಗುಡಿಸಿ ಗುಡ್ಡೆ ಮಾಡಿ ಆಗಿರುತ್ತದೆ.

ಅಂಗಡಿಯವರು ಒಳಗಿನ ಕಸವನ್ನು ರಸ್ತೆಗೆ ತಳ್ಳುವುದು ಬಾಗಿಲು ತೆರೆದ ಮೇಲೆ, ಮತ್ತೆ ಮುಚ್ಚುವ ಮುನ್ನ. ಬೆಳಗಿನ ಒಂದೇ ಓಟ ಅಲ್ಲಿ ಸಾಲದು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಎರಡನೇ ಪಾಳಿಗೆ ಇಬ್ಬರು ಬೇಕು. ಮನೆ ಹತ್ತಿರವಿರುವವರನ್ನು, ಒಪ್ಪಿದವರನ್ನು ಮಾತ್ರ ಈ ಪಾಳಿಗೆ ಹಾಕಿ. ರಾತ್ರಿ ಹತ್ತಕ್ಕೆ ಎರಡು ಬಸ್ ಬದಲಿಸಿ ಮನೆ ಸೇರಬೇಕಾದ ಹೆಣ್ಣುಮಗಳನ್ನು ಹಾಕಿದರೆ ಆ ಬೀಟು ಎಂಟೂವರೆಗೇ ಖಾಲಿಯಾಗುತ್ತದೆ, ಮತ್ತು ಅದು ನ್ಯಾಯವೂ ಹೌದು.

ಹೀಗೆ ದಿನಕ್ಕೆ 3, 9, 4, 2 ಸೇರಿ 18 ಜಾಗ. ಬಹಳ ಕೋಠಿಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ, ತೊಂದರೆ ಶುರುವಾಗುವುದೂ ಇಲ್ಲಿಂದಲೇ. ರಸ್ತೆಗೆ ವಾರದಲ್ಲಿ ಏಳು ದಿನ, ಮನುಷ್ಯರಿಗೆ ಆರು. 18ನ್ನು 7ರಿಂದ ಗುಣಿಸಿ 6ರಿಂದ ಭಾಗಿಸಿದರೆ 21. ಅದರ ಮೇಲೆ ರಜೆ, ಜ್ವರ, ಊರಿನ ಜಾತ್ರೆ, ಮದುವೆ. ಕಳೆದ ವರ್ಷದ ಹಾಜರಿ ಪುಸ್ತಕ ತೆಗೆದು ನೂರಕ್ಕೆ ಎಷ್ಟು ದಿನ ಗೈರು ಎಂದು ನೋಡಿ. ಅದು 12 ಎಂದು ಬಂದರೆ 21ನ್ನು 0.88ರಿಂದ ಭಾಗಿಸಿ. 24 ಜನ ಪುಸ್ತಕದಲ್ಲಿದ್ದರೆ ಮಾತ್ರ ದಿನಾ 18 ಜನ ರಸ್ತೆಯಲ್ಲಿ ಸಿಗುತ್ತಾರೆ. 18 ಜನರನ್ನೇ ಇಟ್ಟುಕೊಂಡ ಕೋಠಿಯಲ್ಲಿ ದಿನಾ ನಾಲ್ಕೈದು ಬೀಟು ಖಾಲಿ ಬೀಳುತ್ತವೆ. ಆ ಖಾಲಿ ಬೀಟನ್ನು ಪಕ್ಕದವರ ಮೇಲೆ ಹೇರಿದಾಗ ಆ ದಿನ ಎರಡೂ ಬೀಟುಗಳಲ್ಲಿ ಕಣ್ಣಿಗೆ ಕಾಣುವ ಕಸ ಮಾತ್ರ ಹೋಗುತ್ತದೆ, ಧೂಳು ಉಳಿಯುತ್ತದೆ.

ವಾರದ ರಜೆಯನ್ನು ಎಲ್ಲರಿಗೂ ಭಾನುವಾರ ಕೊಡಲಾಗದು. 24 ಜನರಲ್ಲಿ ದಿನಕ್ಕೆ ಮೂರು ಅಥವಾ ನಾಲ್ಕು ಜನರಿಗೆ ರಜೆ ಬರುವಂತೆ ಹಂಚಿ, ಭಾನುವಾರದ ರಜೆಯನ್ನು ಮೂರು ತಿಂಗಳಿಗೊಮ್ಮೆ ಸುತ್ತು ಹಾಕಿ, ಆ ಪಟ್ಟಿಯನ್ನು ಕೋಠಿಯ ಗೋಡೆಗೆ ಅಂಟಿಸಿ. ಯಾರ ರಜೆ ಯಾವಾಗ ಎಂಬುದು ಮುಕಾದಮನ ತಲೆಯಲ್ಲಷ್ಟೇ ಇದ್ದರೆ ಕೇಳುವ ಧೈರ್ಯವಿರುವವರಿಗೆ ಮಾತ್ರ ಭಾನುವಾರ ಸಿಗುತ್ತದೆ.

ಧೂಳಿಗೆಂದೇ ಇಬ್ಬರು

ಈಗ ಶಾಂತ ರಸ್ತೆಗಳಿಗೆ ಹಿಂತಿರುಗೋಣ. ಅಲ್ಲಿ ದಿನಾ ಗುಡಿಸಲೇಬೇಕೆಂದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಜನಸಾಂದ್ರತೆ ಮತ್ತು ವ್ಯಾಪಾರ ನೋಡಿ ದಿನಾ, ದಿನ ಬಿಟ್ಟು ದಿನ, ಅಥವಾ ವಾರಕ್ಕೆರಡು ಸಲ ಎಂದು ಗೊತ್ತು ಮಾಡಲು ಅವಕಾಶ ಕೊಟ್ಟಿದ್ದವು. ಎಲೆ ಉದುರುವ ಕಾಲವೊಂದನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ಆ 2,800 ಮೀಟರನ್ನು ಎರಡು ಪಾಲು ಮಾಡಿ ದಿನ ಬಿಟ್ಟು ದಿನ ಗುಡಿಸಿದರೆ ಇಬ್ಬರು ಸಾಕು. ಉಳಿದ ಇಬ್ಬರು ಧೂಳಿನ ಜೋಡಿ. ಒಬ್ಬರನ್ನೂ ಹೆಚ್ಚಿಗೆ ಕೇಳದೆ ಈ ಜೋಡಿ ಸಿಗುತ್ತದೆ, ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡಿರುವ ಬದಲಾವಣೆ ಇದೇ.

ಅವರ ಸಾಮಾನು ಬೇರೆ. ಖರಾಟಾ, ಅಂದರೆ ಕಡ್ಡಿ ಪೊರಕೆ, ಎಲೆಗೆ ಮತ್ತು ದಪ್ಪ ಕಸಕ್ಕೆ ಸರಿ. ನಯವಾದ ಧೂಳನ್ನು ಅದು ಚಿಮ್ಮಿಸುತ್ತದೆ. ಧೂಳಿನ ಜೋಡಿಗೆ ಮೃದು ಪೊರಕೆ, ಅಂಚುಕಲ್ಲಿಗೆ ಅಂಟಿದ ಪದರ ಕೆರೆಯಲು ಉದ್ದ ಹಿಡಿಯ ಖುರ್ಪಿ, ಅಗಲ ಬಾಯಿಯ ಸಲಿಕೆ, ಹೂದೋಟಕ್ಕೆ ನೀರು ಹಾಕುವ 10 ಲೀಟರಿನ ಝಾರಿ, ಮುಚ್ಚಳವಿರುವ ಡಬ್ಬ ಇಟ್ಟ ಕೈಗಾಡಿ ಬೇಕು.

ಕೆಲಸದ ಕ್ರಮ ಹೀಗೆ. ಅಂಚಿನ ಅರ್ಧ ಮೀಟರ್ ಪಟ್ಟಿಗೆ ಝಾರಿಯಿಂದ ನೀರು ಚಿಮುಕಿಸಿ. ಒಂದು ಝಾರಿ ಸುಮಾರು 65 ಮೀಟರಿಗೆ ಬರಬೇಕು. ಎರಡು ಮೂರು ನಿಮಿಷ ಬಿಟ್ಟು ಒಂದು ಚಿಟಿಕೆ ಧೂಳು ಹಿಸುಕಿ ನೋಡಿ. ಉಂಡೆಯಾಗಿ, ಬೆರಳು ಸಡಿಲಿಸಿದರೆ ಒಡೆಯಬೇಕು. ಹಾರಿದರೆ ನೀರು ಕಡಿಮೆ, ಬೆರಳಿಗೆ ಅಂಟಿದರೆ ಹೆಚ್ಚು. ವಿಜಯಪುರದ ಕಡೆಯ ಒಬ್ಬ ಹಿರಿಯಾಕೆ ಇದನ್ನು ನನಗೆ ಹೇಳಿದ್ದು ಹೀಗೆ: "ನೀರ ಹೆಚ್ಚಾದ್ರ ಕಸಬರಿಗಿಗೆ ಏನೂ ಬರಂಗಿಲ್ರಿ ಸಾಹೇಬ್ರ. ಕೆಸರ ಸಾರಿಸಿದಂಗ ಆಗ್ತೈತಿ. ನಾಳೆ ಒಣಗಿ ಮತ್ತ ಅದ ಧೂಳ." ಟ್ಯಾಂಕರ್ ತಂದು ರಸ್ತೆಗೆ ನೀರು ಹಾಯಿಸಿ ಧೂಳು ಎತ್ತದೇ ಹೋದಾಗ ಆಗುವುದೂ ಇದೇ. ನೀರು ಧೂಳನ್ನು ಕೆಲವು ಗಂಟೆ ಹಿಡಿದಿಡುತ್ತದೆ ಅಷ್ಟೆ, ತೆಗೆಯುವುದಿಲ್ಲ.

ಒದ್ದೆಯಾದ ಪಟ್ಟಿಯನ್ನು ಖುರ್ಪಿಯಿಂದ ಕೆರೆದು, ಮೃದು ಪೊರಕೆಯಲ್ಲಿ ಗಿಡ್ಡ ಹೊಡೆತಗಳಿಂದ, ಪೊರಕೆಯನ್ನು ನೆಲದಿಂದ ಎತ್ತದೆ ಒಟ್ಟು ಮಾಡಿ. ಆ ಕೂಡಲೇ ಸಲಿಕೆಯಿಂದ ಡಬ್ಬಕ್ಕೆ ಹಾಕಿ. ಒಬ್ಬರು ಕೆರೆಯುವಾಗ ಇನ್ನೊಬ್ಬರು ಎತ್ತುತ್ತಿರಬೇಕು. ಗುಡ್ಡೆ ಮಾಡಿ "ಆಮೇಲೆ ಎತ್ತೋಣ" ಎಂದು ಬಿಟ್ಟರೆ ಎರಡು ಪಿಎಂಪಿಎಂಎಲ್ ಸಿಟಿ ಬಸ್ಸು ಹಾಯ್ದರೆ ಸಾಕು, ಗುಡ್ಡೆ ಅರ್ಧವಾಗಿರುತ್ತದೆ. ಇಬ್ಬರಿದ್ದರೆ ಒಳ್ಳೆಯದೆನ್ನುವುದಕ್ಕೆ ಮುಖ್ಯ ಕಾರಣ ಇದು.

ಗಾಳಿಗೆ ಬೆನ್ನು ಮಾಡಿ ಗುಡಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ವಾಹನಗಳಿಗೆ ಮುಖ ಮಾಡಿ ನಿಲ್ಲಬೇಕೆನ್ನುವುದು ಅದಕ್ಕಿಂತ ದೊಡ್ಡ ನಿಯಮ. ಎರಡೂ ಕೂಡಿ ಬಾರದ ದಿನ ವಾಹನದ ಕಡೆಗೇ ಮುಖ ಇರಲಿ, ಧೂಳಿಗೆ ಮಾಸ್ಕ್ ಇರಲಿ. ಓಢಣಿ ಸುತ್ತಿಕೊಂಡರೆ ದಪ್ಪ ಧೂಳು ತಡೆಯುತ್ತದೆ, ಎದೆಯೊಳಗೆ ಇಳಿಯುವ ನಯವಾದದ್ದನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಬೇಕು, ಒದ್ದೆಯಾದಾಗ ಬದಲಿಸಲು ಇನ್ನೊಂದು ಜೊತೆಗಿರಬೇಕು. ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ರೇನ್‌ಕೋಟ್, ಪಾದರಕ್ಷೆ, ಮಾಸ್ಕ್ ಕೊಡುವುದು ಕೊಡುವವರ ದೊಡ್ಡತನವಲ್ಲ, 2016ರ ನಿಯಮಗಳಲ್ಲೇ ಬರೆದದ್ದು.

ಪದರ ಗಟ್ಟಿಯಾಗಿರುವ ಕಡೆ ಇಬ್ಬರಿಂದ ದಿನಕ್ಕೆ 150 ಮೀಟರ್ ಅಂಚು ಆದರೆ ಚೆನ್ನಾಗಿಯೇ ಆಯಿತು. ಅಂಗಡಿ ಬದಿಯ 1,800 ಮೀಟರಿಗೆ ಹನ್ನೆರಡು ದಿನ, ಅಂದರೆ ಎರಡು ವಾರಕ್ಕೊಂದು ಸುತ್ತು. ಎರಡನೇ ಸುತ್ತಿನಿಂದ ಪದರ ತೆಳುವಾಗುತ್ತದೆ, ವೇಗ ಹೆಚ್ಚುತ್ತದೆ.

ಬೆಳಗಿನ ಪಾಳಿ ಗಂಟೆಗಂಟೆಗೆ

ಆರಕ್ಕೆ ಹಾಜರಿ, ಆರೂವರೆಗೆ ಬೀಟಿನಲ್ಲಿ ಪೊರಕೆ. ಕೋಠಿಯಿಂದ ಬೀಟಿಗೆ ಗಾಡಿ ತಳ್ಳಿಕೊಂಡು ಕಾಲು ಗಂಟೆಗಿಂತ ಹೆಚ್ಚು ನಡೆಯಬೇಕಾದರೆ ಆ ಬೀಟನ್ನು ಪಕ್ಕದ ಕೋಠಿಗೆ ಕೊಡುವುದು ಲೇಸು. ಶಾಲೆಗಳ ಮುಂದಿನ ಅಂಚು ಮೊದಲು, ಏಳರೊಳಗೆ. ಚಳಿಗಾಲದ ಬೆಳಿಗ್ಗೆ ಗಾಳಿ ಅಲ್ಲಾಡುವುದಿಲ್ಲ, ಎದ್ದ ಧೂಳು ಮಕ್ಕಳ ಎತ್ತರದಲ್ಲೇ ತೂಗಾಡುತ್ತಿರುತ್ತದೆ.

ಒಂಬತ್ತರ ಸುಮಾರಿಗೆ ಗುಡಿಸುವುದು ಮುಗಿದು, ಒಂಬತ್ತೂವರೆಯೊಳಗೆ ಗುಡ್ಡೆಗಳೆಲ್ಲ ಗಾಡಿ ಸೇರಬೇಕು. ಗಾಡಿಯಲ್ಲಿ ಎರಡು ಡಬ್ಬ: ಒಂದು ಕಸಕ್ಕೆ, ಇನ್ನೊಂದು ಮಣ್ಣು ಧೂಳಿಗೆ. ಎರಡೂ ಬೆರೆತರೆ ಕಸದ ಪ್ಲಾಂಟಿನಲ್ಲಿ ಆ ಮಣ್ಣು ಎಲ್ಲವನ್ನೂ ಕೆಡಿಸುತ್ತದೆ. ತುಂಬಿಸಿಕೊಳ್ಳುವ ವಾಹನ ಯಾವ ಮೂಲೆಗೆ ಎಷ್ಟು ಹೊತ್ತಿಗೆ ಬರುತ್ತದೆಂಬುದನ್ನು ಬೀಟ್ ಪಟ್ಟಿಯಲ್ಲೇ ಬರೆಯಿರಿ. ವಾಹನ ಒಂಬತ್ತೂವರೆಗೆ ಬರಬೇಕಾದದ್ದು ಹನ್ನೊಂದಕ್ಕೆ ಬಂದರೆ ಕಸ ಮತ್ತೆ ಮೂಲೆಯಲ್ಲಿ ನೆಲಕ್ಕೆ ಬೀಳುತ್ತದೆ, ನಾಯಿ ಮತ್ತು ಗಾಳಿ ಅದನ್ನು ಹರಡುತ್ತವೆ.

ಆಮೇಲೆ ಅರ್ಧ ಗಂಟೆ ತಿಂಡಿ. ಕುಡಿಯುವ ನೀರು ಮತ್ತು ಶೌಚಾಲಯ ಎಲ್ಲಿದೆ ಎಂದು ಪ್ರತಿ ಬೀಟಿಗೂ ಬರೆದಿಡಿ. ಇಲ್ಲದ ಬೀಟಿನಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಕೆಲಸ ಮಾಡುತ್ತಾರೆ, ಏಪ್ರಿಲ್ ಬಿಸಿಲಿನಲ್ಲಿ ಇದು ಆಸ್ಪತ್ರೆಗೆ ದಾರಿ. ಹತ್ತರಿಂದ ಹನ್ನೆರಡೂವರೆವರೆಗೆ ಪ್ರತಿಯೊಬ್ಬರೂ ತಮ್ಮ ಬೀಟಿನಲ್ಲೇ ಒಂದು ತುಂಡು ಅಂಚನ್ನು ಕೆರೆಯುವುದು, ಮಳೆನೀರು ಇಳಿಯುವ ಚೇಂಬರಿನ ಜಾಲಿ ಸ್ವಚ್ಛ ಮಾಡುವುದು. ನಂತರ ಒಂದು ಸುತ್ತು ಬಿದ್ದ ಕಸ ಆಯ್ದು, ಸಾಮಾನು ತೊಳೆದಿಟ್ಟು ಎರಡಕ್ಕೆ ಮನೆಗೆ.

ಯಂತ್ರ ಎಲ್ಲಿ ಸೋಲುತ್ತದೆ

ಪಕ್ಕದಲ್ಲಿ ತಿರುಗುವ ಬ್ರಷ್ ಧೂಳನ್ನು ಒಳಗೆ ತಳ್ಳುತ್ತದೆ, ಹೀರುವ ಬಾಯಿ ಎಳೆದುಕೊಳ್ಳುತ್ತದೆ, ಬ್ರಷ್ಷಿನ ಮುಂದೆ ನೀರಿನ ಸಣ್ಣ ನಾಜಲ್‌ಗಳು ಧೂಳನ್ನು ಹಿಡಿದಿಡುತ್ತವೆ. ನೀರಿನ ಟ್ಯಾಂಕ್ ಖಾಲಿಯಾದರೆ ಅಥವಾ ನಾಜಲ್ ಕಟ್ಟಿಕೊಂಡರೆ ಯಂತ್ರವೇ ದೊಡ್ಡ ಧೂಳೆಬ್ಬಿಸುವ ಸಾಧನವಾಗುತ್ತದೆ. ರಾತ್ರಿ ಬೀದಿದೀಪದ ಕೆಳಗೆ ನಿಂತು ಬ್ರಷ್ಷಿನ ಸುತ್ತ ನೋಡಿ: ಮೋಡ ಕಂಡರೆ ಅಲ್ಲೇ ನಿಲ್ಲಿಸಿ ನೀರು ತುಂಬಿಸಬೇಕು. ಹಾಯ್ದು ಹೋದ ಮೇಲೆ ಅಂಚುಕಲ್ಲಿನ ಬುಡದಲ್ಲಿ ಬಿಳಿ ಗೆರೆ ಉಳಿದಿದ್ದರೆ ವೇಗ ಹೆಚ್ಚಾಗಿತ್ತು, ಇಲ್ಲವೇ ಬ್ರಷ್ ಸವೆದಿದೆ. ಯಂತ್ರದ ಮುಂದೆ ಒಬ್ಬರು ನಡೆದು ತೆಂಗಿನ ಬುರುಡೆ, ಕಲ್ಲು, ಗೋಣಿಚೀಲ ತೆಗೆಯಬೇಕು. ಅಂಚುಕಲ್ಲೇ ಇಲ್ಲದ, ಬದಿಯಲ್ಲಿ ಮಣ್ಣಿರುವ ರಸ್ತೆಗೆ ಯಂತ್ರ ಕಳಿಸಿದರೆ ಪ್ರಯೋಜನವಿಲ್ಲ, ಅದು ಬದಿಯ ಮಣ್ಣನ್ನೇ ಕೆದಕುತ್ತದೆ.

ಧೂಳು ಹೋಯಿತೆಂದು ತಿಳಿಯುವುದು

ಕಣ್ಣು ಮೋಸ ಮಾಡುತ್ತದೆ. ಗುಡಿಸಿದ ರಸ್ತೆ ಕಾಗದವಿಲ್ಲದ್ದರಿಂದಲೇ ಸ್ವಚ್ಛವಾಗಿ ಕಾಣುತ್ತದೆ. ಅದಕ್ಕೆ ಒಣ ದಿನ, ಅಂಚುಕಲ್ಲಿಗೆ ತಾಗಿ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಬಣ್ಣ ಬಳಿಯುವ ಬ್ರಷ್ಷಿನಿಂದ ಅಷ್ಟನ್ನೂ ಕಾಗದದ ಮೇಲೆ ತೆಗೆದು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಆಮೇಲೆ ಮೈದಾ ಜರಡಿಯಲ್ಲಿ ಸೋಸಿ ಕೆಳಗೆ ಬಿದ್ದದ್ದನ್ನು ಬೇರೆ ತೂಗಿ. ಪ್ರಯೋಗಾಲಯದಲ್ಲಿ 75 ಮೈಕ್ರಾನ್ ಜರಡಿ ಬಳಸುತ್ತಾರೆ. ನಮ್ಮ ಜರಡಿ ಅಷ್ಟು ಸೂಕ್ಷ್ಮವಲ್ಲ, ಆದರೂ ಮೊದಲು ಮತ್ತು ನಂತರ ಹೋಲಿಸಲು ಸಾಕು. ಗುಡಿಸುವ ಮುನ್ನ ಒಂದು ಕಡೆ, ಗುಡಿಸಿದ ಮೇಲೆ ಅದರ ಪಕ್ಕದ ಮೀಟರಿನಲ್ಲಿ ಇದನ್ನು ಮಾಡಿ. ಒಟ್ಟು ತೂಕ ಇಳಿದು, ಜರಡಿಯ ಕೆಳಗಿನದು ಇಳಿಯದೇ ಇದ್ದರೆ ಕಸ ಹೋಗಿದೆ, ಧೂಳು ಹೋಗಿಲ್ಲ.

ಈ ನಯವಾದ ಪಾಲಿಗೇಕೆ ಇಷ್ಟು ಗಮನ? ವಾಹನ ಹಾಯ್ದಾಗ ಗಾಳಿಗೇಳುವ ಧೂಳು ರಸ್ತೆಯ ಮೇಲಿನ ನಯವಾದ ಧೂಳಿಗೆ ಹೆಚ್ಚುಕಡಿಮೆ ಅನುಪಾತದಲ್ಲೇ ಇರುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ಸೂತ್ರದಂತೆ ಅದನ್ನು ಅರ್ಧ ಮಾಡಿದರೆ ಏಳುವುದೂ ಹತ್ತಿರಹತ್ತಿರ ಅರ್ಧವಾಗುತ್ತದೆ. ವಾಹನ ಭಾರವಾದಷ್ಟೂ ಹೆಚ್ಚು ಏಳುತ್ತದೆ, ಬಸ್ಸು ಲಾರಿಗಳ ರಸ್ತೆಗೆ ಧೂಳಿನ ಜೋಡಿಯನ್ನು ಮೊದಲು ಕಳಿಸಬೇಕೆನ್ನುವುದು ಅದಕ್ಕೇ.

ಜರಡಿಯಿಂದ ಇನ್ನೊಂದೂ ತಿಳಿಯುತ್ತದೆ. ಎಷ್ಟು ತೆಗೆದರೂ ಮೂರೇ ದಿನದಲ್ಲಿ ತೂಕ ಮೊದಲಿನಷ್ಟಾದರೆ ಹತ್ತಿರದಲ್ಲೇ ಧೂಳಿನ ಮೂಲವಿದೆ. ಸಾಮಾನ್ಯವಾಗಿ ಅದು ಕಟ್ಟಡ ಕಾಮಗಾರಿಯ ಗೇಟು, ಟೈರಿಗೆ ಅಂಟಿದ ಮಣ್ಣು ಗೇಟಿನಿಂದ ನೂರು ಮೀಟರಿನೊಳಗೆ ಉದುರಿರುತ್ತದೆ. ಇಲ್ಲವೇ ಪೈಪು, ಕೇಬಲ್‌ಗೆಂದು ಅಗೆದು ಮುರುಮು ಹಾಕಿ ಮುಚ್ಚಿ, ಡಾಂಬರು ಹಾಕದೆ ಬಿಟ್ಟ ಪಟ್ಟಿ. ಅಲ್ಲಿ ಜನ ಹೆಚ್ಚಿಸುವುದು ವ್ಯರ್ಥ. ಫೋಟೊ, ತಾರೀಖು, ತೂಕ ಮೂರನ್ನೂ ಆರೋಗ್ಯ ನಿರೀಕ್ಷಕರ ಮೂಲಕ ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಕ್ಕೆ ಕೊಟ್ಟು, ಗೇಟಿನಲ್ಲಿ ಟೈರು ತೊಳೆಯುವ ವ್ಯವಸ್ಥೆ ಮಾಡಿಸಿ, ಅಗೆದ ಪಟ್ಟಿಗೆ ಡಾಂಬರು ಹಾಕಿಸಬೇಕು. ಬಿಲ್ಡರನ ಮಣ್ಣು ಎತ್ತುವುದು ಬೀಟಿನವರ ಕೆಲಸವಲ್ಲ.

ಪ್ರತಿ ವಾರ ಒಂದೆರಡು ಚೇಂಬರಿನ ಜಾಲಿ ಎತ್ತಿ ಕೋಲು ಇಳಿಸಿ ಹೂಳಿನ ಆಳ ಬರೆದಿಡಿ. ರಸ್ತೆ ಚೆನ್ನಾಗಿದ್ದು ಹೂಳು ಏರುತ್ತಿದ್ದರೆ ಧೂಳು ಗಾಡಿಗೆ ಹೋಗುತ್ತಿಲ್ಲ, ಜಾಲಿಯೊಳಗೆ ಹೋಗುತ್ತಿದೆ. ಬೈಯುವ ಮುನ್ನ ಗಾಡಿಯ ಚಕ್ರ ನೋಡಿ. ಬಹಳ ಸಲ ಚಕ್ರ ಮುರಿದ, ಡಬ್ಬ ತೂತಾದ ಬೀಟುಗಳಲ್ಲೇ ಹೀಗಾಗುತ್ತದೆ.

ಕಾಲಕ್ಕೆ ತಕ್ಕಂತೆ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಧೂಳಿನ ಜೋಡಿಯನ್ನು ಜಾಲಿಗಳಿಗೆ ಹಾಕಿ. ಮಳೆ ನಿಂತು ರಸ್ತೆ ಒಣಗಿದ ಮೊದಲ ಎರಡು ವಾರ ಎಲ್ಲಕ್ಕಿಂತ ಮುಖ್ಯ: ಮಳೆ ನೀರು ತಂದು ಅಂಚಿನಲ್ಲಿ ಬಿಟ್ಟ ಹೂಳು ಆಗ ಮೆತ್ತಗಿರುತ್ತದೆ, ಕೆರೆಯಲು ಸುಲಭ. ದಸರೆ ದೀಪಾವಳಿಯ ಹೊತ್ತಿಗೆ ಅದು ಪುಡಿಯಾಗಿ ಹಾರುತ್ತಿರುತ್ತದೆ. ಎಲೆ ಉದುರುವ ಕಾಲದಲ್ಲಿ ಶಾಂತ ರಸ್ತೆಗಳಿಗೆ ಮತ್ತೆ ನಾಲ್ಕು ಜನ. ಎಲೆಗೆ ಬೆಂಕಿ ಹಾಕುವುದು ನಿಷಿದ್ಧ, ಗೊಬ್ಬರಕ್ಕೆ ಕಳಿಸುವ ಮುನ್ನ ಕೊಡವಿ ಕಳಿಸಿ, ಏಕೆಂದರೆ ರಸ್ತೆಯ ಧೂಳಿನಲ್ಲಿ ಟೈರು ಮತ್ತು ಬ್ರೇಕಿನ ಸವೆದ ಪುಡಿಯೂ ಇರುತ್ತದೆ.

ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಪಾಲಖಿಗಳು ಬಂದು ಭವಾನಿ ಪೇಠೆ, ನಾನಾ ಪೇಠೆಗಳಲ್ಲಿ ತಂಗುವಾಗ ಆ ಭಾಗಕ್ಕೆ ಸುತ್ತಲಿನ ಕೋಠಿಗಳಿಂದಲೂ ಜನ ಬೇಕಾಗುತ್ತಾರೆ. ಆ ವಾರ ಎಲ್ಲರ ರಜೆ ರದ್ದು ಮಾಡಿ, ಮುಂದೆ ಬದಲಿ ರಜೆ ಕೊಡದೆ ಹೋದರೆ ಮುಂದಿನ ವಾರ ಹಾಜರಿ ಕುಸಿಯುತ್ತದೆ. ಬದಲಿ ರಜೆಯ ತಾರೀಖನ್ನು ಪಾಲಖಿ ಬರುವ ಮೊದಲೇ ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದು ಗೋಡೆಗೆ ಹಾಕಿ, ಹತ್ತು ದಿನಕ್ಕೆ ಹಂಚಿ. 24 ಜನರ ಕೋಠಿಯಲ್ಲಿ ಆಗ ದಿನಕ್ಕೆ ಎರಡು ಮೂರು ಜನ ಹೆಚ್ಚಿಗೆ ರಜೆಯಲ್ಲಿರುತ್ತಾರೆ. ಶಾಂತ ರಸ್ತೆಗಳನ್ನು ಆ ಹತ್ತು ದಿನ ವಾರಕ್ಕೆರಡು ಸಲಕ್ಕೆ ಇಳಿಸಿ, ಧೂಳಿನ ಜೋಡಿಯನ್ನೂ ಬೀಟಿಗೆ ಹಾಕಿದರೆ ಅಂಗಡಿ ರಸ್ತೆ ಮತ್ತು ಗಲ್ಲಿಗಳು ಖಾಲಿ ಬೀಳುವುದಿಲ್ಲ.